ಇಂಡೆಕ್ಸ್ ಫಂಡ್ ಅರ್ಥವಾದ ಮೇಲೆ ಯಾವ ಪುಸ್ತಕ ಓದಬೇಕು?

ಪ್ರಶ್ನೆ: ಷೇರು, ಬಾಂಡ್, ಮ್ಯೂಚುವಲ್ ಫಂಡ್‌ಗಳ ಪ್ರಾಥಮಿಕ ಪುಸ್ತಕಗಳನ್ನು ಓದಿ ಮುಗಿಸಿದ್ದೇನೆ. ಖರ್ಚು ಕಡಿಮೆ ಎಂಬ ಕಾರಣಕ್ಕೆ ಇಂಡೆಕ್ಸ್ ಫಂಡ್ ಒಳ್ಳೆಯದೆಂಬುದೂ ಮನಸ್ಸಿಗೆ ಹತ್ತಿದೆ. ಆದರೆ ಷೇರಿಗೆಷ್ಟು, ಬಾಂಡಿಗೆಷ್ಟು ಎಂಬಲ್ಲಿಗೆ ಬಂದಾಗ ಎಲ್ಲರೂ ಒಂದು ಅನುಪಾತ ಹೇಳಿ ಸುಮ್ಮನಾಗುತ್ತಾರೆ. ಅದರ ಹಿಂದಿನ ಲೆಕ್ಕವನ್ನು ಬಿಡಿಸಿ ಹೇಳುವ ಪುಸ್ತಕ ಯಾವುದು?

ಹೂಡಿಕೆ ಸಲಹೆಗಾರ್ತಿ: ವಿಲಿಯಂ ಬರ್ನ್‌ಸ್ಟೀನ್ ಅವರ ‘ದಿ ಇಂಟೆಲಿಜೆಂಟ್ ಅಸೆಟ್ ಅಲೊಕೇಟರ್’ ಪುಸ್ತಕವನ್ನು ಮೊದಲು ಓದಿ. ಇದು 2000ದಲ್ಲಿ ಪ್ರಕಟವಾಯಿತು. ಲೇಖಕರು ನರರೋಗ ತಜ್ಞರಾದ್ದರಿಂದಲೋ ಏನೋ, ಹೇಳಿದ ಪ್ರತಿಯೊಂದಕ್ಕೂ ಪುರಾವೆ ಮುಂದಿಡುತ್ತಾರೆ. ಆರಂಭದಲ್ಲೇ ನಾಣ್ಯ ಚಿಮ್ಮುವ ಒಂದು ಆಟವನ್ನು ಕಟ್ಟಿ, ಎಲ್ಲ ಹಣವನ್ನೂ ಒಂದೇ ನಾಣ್ಯದ ಮೇಲೆ ಇಡುವುದಕ್ಕೂ ಎರಡು ನಾಣ್ಯಗಳ ಮೇಲೆ ಅರ್ಧರ್ಧ ಇಡುವುದಕ್ಕೂ ಇರುವ ಅಂತರವನ್ನು ತೋರಿಸುತ್ತಾರೆ. ಆ ಭಾಗವನ್ನು ಕಾಗದ, ಪೆನ್ನು ಹಿಡಿದೇ ಓದಬೇಕು, ಏಕೆಂದರೆ ಪುಸ್ತಕದ ಉಳಿದ ವಾದವೆಲ್ಲ ಅದರ ಮೇಲೆಯೇ ನಿಂತಿದೆ.

ಆ ತತ್ತ್ವವನ್ನು ನನ್ನದೇ ಅಂಕಿಗಳಲ್ಲಿ ಹೇಳುತ್ತೇನೆ. ಒಂದು ಹೂಡಿಕೆ ಮೊದಲ ವರ್ಷ ಶೇ 40 ಏರಿ, ಎರಡನೆಯ ವರ್ಷ ಶೇ 20 ಇಳಿಯುತ್ತದೆ ಎನ್ನೋಣ. ಇನ್ನೊಂದು ಹೂಡಿಕೆ ಮೊದಲು ಶೇ 20 ಇಳಿದು, ಆಮೇಲೆ ಶೇ 40 ಏರುತ್ತದೆ. ಎರಡರಲ್ಲಿ ಯಾವುದಕ್ಕೆ 100 ಹಾಕಿದರೂ ಕೊನೆಗೆ ಸಿಗುವುದು 112. ಐವತ್ತೈವತ್ತು ಹಾಕಿ ಮುಟ್ಟದೆ ಬಿಟ್ಟರೂ ಸಿಗುವುದು 112 ಮಾತ್ರ. ಆದರೆ ಮೊದಲ ವರ್ಷದ ಕೊನೆಯಲ್ಲಿ 70 ಮತ್ತು 40 ಆಗಿರುವ ಎರಡು ಪಾಲುಗಳನ್ನು ಒಟ್ಟುಗೂಡಿಸಿ, ಮತ್ತೆ 55 ಮತ್ತು 55 ಎಂದು ಹಂಚಿದರೆ, ಎರಡನೆಯ ವರ್ಷದ ಕೊನೆಗೆ ಅವು 44 ಮತ್ತು 77 ಆಗಿ, ಕೈಯಲ್ಲಿ 121 ಇರುತ್ತದೆ. ಈ ಹೆಚ್ಚುವರಿ 9 ಬಂದದ್ದು ರೀಬ್ಯಾಲೆನ್ಸಿಂಗ್‌ನಿಂದ, ಅಂದರೆ ಬೆಳೆದದ್ದರಲ್ಲಿ ಸ್ವಲ್ಪ ಮಾರಿ ಕುಸಿದದ್ದಕ್ಕೆ ಹಾಕಿದ್ದರಿಂದ.

ಇದನ್ನು ಓದಿ ರೀಬ್ಯಾಲೆನ್ಸಿಂಗ್ ಯಾವಾಗಲೂ ಲಾಭ ತರುತ್ತದೆ ಎಂದು ತಿಳಿಯಬಾರದು. ಮೊದಲನೆಯ ಹೂಡಿಕೆ ಎರಡು ವರ್ಷವೂ ಶೇ 40 ಏರಿ, ಎರಡನೆಯದು ಎರಡು ವರ್ಷವೂ ಶೇ 20 ಇಳಿದಿದ್ದರೆ, ಮುಟ್ಟದೆ ಬಿಟ್ಟವರ ಬಳಿ 98 ಮತ್ತು 32 ಸೇರಿ 130 ಇರುತ್ತಿತ್ತು. ಸಮ ಮಾಡಿದವರ ಬಳಿ ಆಗಲೂ ಅದೇ 121. ಗೆದ್ದದ್ದೇ ಗೆಲ್ಲುತ್ತ ಹೋಗುವ ಕಾಲದಲ್ಲಿ ರೀಬ್ಯಾಲೆನ್ಸಿಂಗ್‌ಗೆ ಬೆಲೆ ತೆರಬೇಕಾಗುತ್ತದೆ. ಅದು ನಿಶ್ಚಿತವಾಗಿ ಕೊಡುವುದು, ನೀವು ಆರಿಸಿಕೊಂಡ ಅಪಾಯದ ಮಟ್ಟ ನಿಮಗೆ ತಿಳಿಯದಂತೆ ಬದಲಾಗದಿರುವ ಭರವಸೆಯನ್ನು. ಯಾವ ಪುಸ್ತಕವನ್ನು ಕೈಗೆತ್ತಿಕೊಂಡರೂ, ಲೇಖಕರು ಈ ಎರಡನೆಯ ಸಾಧ್ಯತೆಯ ಬಗ್ಗೆ ಏನು ಹೇಳಿದ್ದಾರೆ ಎಂದು ಹುಡುಕಿ ನೋಡಿ.

ಒಬ್ಬ ಸದಸ್ಯರು: ಇಷ್ಟೆಲ್ಲ ಲೆಕ್ಕ ಬೇಕೇ ಮೇಡಂ? ಲಾಭದಲ್ಲಿ ಶೇ 90ಕ್ಕಿಂತ ಹೆಚ್ಚು ಪಾಲು ಅಸೆಟ್ ಅಲೊಕೇಶನ್‌ನಿಂದಲೇ, ಅಂದರೆ ಷೇರು, ಬಾಂಡ್‌ಗಳ ನಡುವಿನ ಹಂಚಿಕೆಯಿಂದಲೇ ಬರುತ್ತದೆ ಎಂದು ಸಂಶೋಧನೆಯೇ ಹೇಳಿದೆಯಲ್ಲ. ಅನುಪಾತ ಸರಿಯಿದ್ದರೆ ಯಾವ ಫಂಡ್ ಆದರೂ ನಡೆಯುತ್ತದೆ.

ಹೂಡಿಕೆ ಸಲಹೆಗಾರ್ತಿ: ನೀವು ಹೇಳುತ್ತಿರುವುದು ಬ್ರಿನ್ಸನ್, ಹುಡ್ ಮತ್ತು ಬೀಬೋವರ್ 1986ರಲ್ಲಿ ಪ್ರಕಟಿಸಿದ ಅಧ್ಯಯನದ ಮಾತು. ಅದರಲ್ಲಿ 93.6 ಎಂಬ ಅಂಕಿ ಇರುವುದು ನಿಜ. ಆದರೆ ಅದು ಲಾಭದ ಪಾಲಲ್ಲ. ಒಂದು ಪಿಂಚಣಿ ನಿಧಿಯ ಗಳಿಕೆ ತ್ರೈಮಾಸಿಕದಿಂದ ತ್ರೈಮಾಸಿಕಕ್ಕೆ ಏರಿಳಿಯುವುದರಲ್ಲಿ ಎಷ್ಟನ್ನು ಅದರ ಹಂಚಿಕೆಯ ನೀತಿಯಿಂದ ವಿವರಿಸಬಹುದು ಎಂಬುದರ ಅಳತೆ ಅದು. ಇಬ್ಬಟ್ಸನ್ ಮತ್ತು ಕಾಪ್ಲಾನ್ 2000ದಲ್ಲಿ ಇದೇ ವಿಷಯವನ್ನು ಮತ್ತೆ ಪರಿಶೀಲಿಸಿ, ಒಂದು ಫಂಡಿಗೂ ಇನ್ನೊಂದು ಫಂಡಿಗೂ ಇರುವ ಗಳಿಕೆಯ ವ್ಯತ್ಯಾಸದಲ್ಲಿ ಹಂಚಿಕೆ ವಿವರಿಸುವುದು ಸುಮಾರು ಶೇ 40ರಷ್ಟನ್ನು ಮಾತ್ರ ಎಂದು ತೋರಿಸಿದರು. ಉಳಿದ ವ್ಯತ್ಯಾಸದಲ್ಲಿ ಶುಲ್ಕಕ್ಕೂ ಫಂಡ್‌ನ ಆಯ್ಕೆಗೂ ಜಾಗವಿದೆ. ಹಾಗಾಗಿ ‘ಯಾವ ಫಂಡ್ ಆದರೂ ನಡೆಯುತ್ತದೆ’ ಎಂಬ ತೀರ್ಮಾನ ಆ ಅಂಕಿಯಿಂದ ಹೊರಡುವುದಿಲ್ಲ.

ಶುಲ್ಕದ ಪ್ರಶ್ನೆಯನ್ನು ಆಳವಾಗಿ ನೋಡಬೇಕೆಂದರೆ ಜಾನ್ ಬೋಗಲ್ ಅವರ ‘ಕಾಮನ್ ಸೆನ್ಸ್ ಆನ್ ಮ್ಯೂಚುವಲ್ ಫಂಡ್ಸ್’ ಓದಬಹುದು. ಅದರ ಹತ್ತನೆಯ ವರ್ಷದ ಆವೃತ್ತಿಯನ್ನೇ ತೆಗೆದುಕೊಳ್ಳಿ. 1999ರಲ್ಲಿ ಬರೆದ ಮಾತುಗಳ ಪಕ್ಕದಲ್ಲಿ, ಮುಂದಿನ ಹತ್ತು ವರ್ಷಗಳಲ್ಲಿ ನಿಜವಾಗಿ ಏನಾಯಿತು ಎಂಬುದನ್ನೂ ಅವರೇ ಸೇರಿಸಿದ್ದಾರೆ. ತನ್ನ ಮಾತನ್ನು ಹೀಗೆ ತಾನೇ ಒರೆಗೆ ಹಚ್ಚುವ ಹೂಡಿಕೆ ಪುಸ್ತಕ ನನಗೆ ಬೇರೆ ಸಿಕ್ಕಿಲ್ಲ.

ಮತ್ತೊಬ್ಬ ಸದಸ್ಯೆ: ನನ್ನ ಬಳಿ ಐದು ಇಂಡೆಕ್ಸ್ ಫಂಡ್‌ಗಳಿವೆ, ಐದಕ್ಕೂ ಸಮವಾಗಿ ಹಾಕುತ್ತಿದ್ದೇನೆ. ಹಾಗಾದರೆ ನನ್ನ ಹಂಚಿಕೆ ಸರಿಯಾಗಿದೆ ಎಂದು ಭಾವಿಸಬಹುದೇ? ಐದೂ ದೊಡ್ಡ ಕಂಪನಿಗಳ ಸೂಚ್ಯಂಕಗಳೇ.

ಹೂಡಿಕೆ ಸಲಹೆಗಾರ್ತಿ: ಹಾಗಿದ್ದರೆ ನಿಮ್ಮ ಬಳಿ ಇರುವುದು ಒಂದೇ ಹೂಡಿಕೆ, ಅದು ಐದು ಹೆಸರಿನಲ್ಲಿದೆ ಅಷ್ಟೆ. ಇದನ್ನು ನೀವೇ ಪರೀಕ್ಷಿಸಬಹುದು. ಪ್ರತಿ ಫಂಡ್‌ನ ಮೊದಲ ಹತ್ತು ಕಂಪನಿಗಳ ಪಟ್ಟಿಯನ್ನು ಅಕ್ಕಪಕ್ಕ ಇಟ್ಟು, ಎಷ್ಟು ಹೆಸರುಗಳು ಮರುಕಳಿಸುತ್ತವೆ ಎಂದು ನೋಡಿ. ಬಳಿಕ ಐದೂ ಫಂಡ್‌ಗಳಲ್ಲಿ ಅತಿ ಕೆಟ್ಟ ವರ್ಷ ಯಾವುದೆಂದು ಗುರುತಿಸಿ. ಎಲ್ಲಕ್ಕೂ ಅದೇ ವರ್ಷ, ಹೆಚ್ಚುಕಡಿಮೆ ಅದೇ ಇಳಿಕೆ ಕಂಡುಬಂದರೆ, ನಾನು ಮೇಲೆ ತೋರಿಸಿದ 9ರ ಲಾಭ ನಿಮಗೆ ಸಿಗಲು ದಾರಿಯೇ ಇಲ್ಲ. ನಿಮಗೆ ರಿಚರ್ಡ್ ಫೆರ್ರಿ ಅವರ ‘ಆಲ್ ಅಬೌಟ್ ಅಸೆಟ್ ಅಲೊಕೇಶನ್’ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಎರಡು ಬಗೆಯ ಹೂಡಿಕೆಗಳು ಒಟ್ಟಿಗೆ ಚಲಿಸುವ ಪ್ರಮಾಣ ಸ್ಥಿರವಲ್ಲ, ಕಾಲದಿಂದ ಕಾಲಕ್ಕೆ ಬದಲಾಗುತ್ತದೆ ಎಂಬುದನ್ನು ಅವರು ನಕ್ಷೆಗಳ ಮೂಲಕ ತೋರಿಸುತ್ತಾರೆ. ಎರಡನೆಯ ಆವೃತ್ತಿ 2010ರದ್ದಾದ್ದರಿಂದ, ಅದರಲ್ಲಿರುವ ಫಂಡ್‌ಗಳ ಪಟ್ಟಿಯನ್ನು ಬಿಟ್ಟು ವಾದವನ್ನಷ್ಟೇ ತೆಗೆದುಕೊಳ್ಳಿ.

ಪ್ರಶ್ನೆ ಕೇಳಿದವರು: ಧನ್ಯವಾದಗಳು ಮೇಡಂ. ಒಂದು ಅನುಮಾನ ಉಳಿದಿದೆ. ಷೇರು ಬಿದ್ದಾಗ ಬಾಂಡ್ ಕಾಯುತ್ತದೆ ಎಂಬುದೇ ಈ ಪುಸ್ತಕಗಳ ಆಧಾರವಾದರೆ, 2022ರಲ್ಲಿ ಎರಡೂ ಒಟ್ಟಿಗೆ ಬಿದ್ದದ್ದೇಕೆ?

ಹೂಡಿಕೆ ಸಲಹೆಗಾರ್ತಿ: ಬಾಂಡ್ ಕಾಯುವುದು ಯಾವುದರಿಂದ ಎಂದು ಬಿಡಿಸಿ ನೋಡಿದರೆ ಉತ್ತರ ಸಿಗುತ್ತದೆ. 2008ರಲ್ಲಿ ಭಯ ಹುಟ್ಟಿದ್ದು ಸಾಲ ಮರುಪಾವತಿಯ ಬಗ್ಗೆ. ಆಗ ಅಮೆರಿಕದ ಸರ್ಕಾರಿ ಬಾಂಡ್‌ಗಳು ಏರಿದವು, ಕಂಪನಿಗಳ ಬಾಂಡ್‌ಗಳು ಷೇರುಗಳ ಜೊತೆಯಲ್ಲೇ ಇಳಿದವು. ಡೇವಿಡ್ ಸ್ವೆನ್ಸನ್ ‘ಅನ್‌ಕನ್ವೆನ್ಶನಲ್ ಸಕ್ಸೆಸ್’ ಪುಸ್ತಕದಲ್ಲಿ, ಅಂದರೆ ಅದಕ್ಕೆ ಮೂರು ವರ್ಷ ಮೊದಲೇ, ಕಂಪನಿ ಬಾಂಡ್‌ಗಳನ್ನು ಹೊರಗಿಟ್ಟು ಸರ್ಕಾರಿ ಬಾಂಡ್‌ಗೆ ಶೇ 15, ಹಣದುಬ್ಬರಕ್ಕೆ ಹೊಂದಿಕೊಂಡ ಸರ್ಕಾರಿ ಬಾಂಡ್‌ಗೆ ಶೇ 15 ಎಂದು ಹಂಚಿದ್ದರು. 2022ರ ಕಾರಣ ಬೇರೆ. ಹಣದುಬ್ಬರ ಏರಿ, ಬಡ್ಡಿದರವೂ ವೇಗವಾಗಿ ಏರಿತು. ಬಡ್ಡಿ ಏರಿದಾಗ ಹಳೆಯ ಬಾಂಡ್‌ಗಳ ಬೆಲೆ ಇಳಿಯುತ್ತದೆ, ಅವಧಿ ದೀರ್ಘವಾದಷ್ಟೂ ಇಳಿಕೆ ಹೆಚ್ಚು. ಆದ್ದರಿಂದ ಅಲ್ಪಾವಧಿಯ ಬಾಂಡ್ ಇಟ್ಟವರಿಗೆ ಪೆಟ್ಟು ಸಣ್ಣದು, ಇಪ್ಪತ್ತು ವರ್ಷದ್ದನ್ನು ಇಟ್ಟವರಿಗೆ ದೊಡ್ಡದು. ಷೇರಿಗೆಷ್ಟು, ಬಾಂಡಿಗೆಷ್ಟು ಎಂದು ಕೇಳುವಾಗ, ಎಷ್ಟು ಅವಧಿಯ ಬಾಂಡ್ ಎಂಬ ಪ್ರಶ್ನೆಯನ್ನೂ ಜೊತೆಗೆ ಕೇಳಿಕೊಳ್ಳಬೇಕು.

ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು: ಬಾಂಡ್‌ನ ಮಾತು ಒಪ್ಪುತ್ತೇನೆ. ಆದರೆ ವರ್ಷಕ್ಕೊಮ್ಮೆ ತಾರೀಖು ನೋಡಿ ಸಮ ಮಾಡುವುದು ನನಗೆ ಸರಿ ಕಾಣುವುದಿಲ್ಲ. ಮಾರಿದಾಗಲೆಲ್ಲ ತೆರಿಗೆ ಬೀಳುತ್ತದೆ. ನಿಗದಿತ ಪಾಲಿನಿಂದ ಐದು ಶೇಕಡಾ ಅಂಶದಷ್ಟು ದೂರ ಸರಿದಾಗ ಮಾತ್ರ ಕೈ ಹಾಕಬೇಕು.

ಹೂಡಿಕೆ ಸಲಹೆಗಾರ್ತಿ: ತೆರಿಗೆಯ ಮಾತು ಸರಿ ಸರ್. ಅದಕ್ಕಾಗಿಯೇ ಇನ್ನೂ ಹಣ ಸೇರಿಸುತ್ತಿರುವವರಿಗೆ, ಮಾರುವ ಬದಲು ಹೊಸ ಹಣವನ್ನು ಹಿಂದೆ ಬಿದ್ದದ್ದಕ್ಕೆ ಹಾಕಿ ಎಂದು ಹೇಳುತ್ತೇನೆ. ಆದರೆ ಅಂತರ ನೋಡಿ ಸಮ ಮಾಡುವ ಕ್ರಮದಲ್ಲಿ ಆಗಾಗ ಲೆಕ್ಕ ತೆಗೆದು ನೋಡುತ್ತಿರಬೇಕು, ಹಾಗೆ ನೋಡುವವರು ಮಾರುಕಟ್ಟೆ ಕುಸಿದಾಗ ಗಾಬರಿಯಾಗಿ ಮಾರುವುದನ್ನೂ ಕಂಡಿದ್ದೇನೆ. ನಾನು ವರ್ಷಕ್ಕೊಮ್ಮೆಯ ಪಕ್ಷ.

ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು: ನನ್ನಂತೆ ಹೊಸ ಹಣ ಸೇರಿಸದೆ, ಇದ್ದದ್ದರಲ್ಲೇ ತೆಗೆದು ಬದುಕುವವರಿಗೆ ಅದು ಅನ್ವಯಿಸದು ಮೇಡಂ. ಹಣ ತೆಗೆಯುವ ಹಂತದ ಹಂಚಿಕೆಗೆ ಬೇರೆಯೇ ಪುಸ್ತಕ ಬೇಕು.