ಪದಚರ್ಚೆ: ಚಿತ್ರದ ‘ಗಾತ್ರ’ ಅಂದರೆ ಯಾವುದು?

ಎಲ್ಲರಿಗೂ ನಮಸ್ಕಾರ. ವೆಬ್ ಪುಟಗಳಿಗೆ ಚಿತ್ರ ಸಿದ್ಧ ಮಾಡುವ ಬಗ್ಗೆ ಕೈಪಿಡಿಯೊಂದನ್ನು ಬರೆಯುತ್ತಿದ್ದೇನೆ. ‘ಗಾತ್ರ’ ಎಂಬ ಪದ ಹೆಜ್ಜೆಹೆಜ್ಜೆಗೂ ತೊಡಕಾಗುತ್ತಿದೆ.

ನಾನು ಬರೆದಿದ್ದು ಹೀಗೆ: “ಇಮ್ಮಡಿ ಸಾಂದ್ರತೆಯ ಪರದೆಗೆ ಚಿತ್ರದ ಗಾತ್ರ ಎರಡರಷ್ಟಿರಲಿ.” ಇದನ್ನು ಓದಿದ ಗೆಳೆಯರೊಬ್ಬರು 400 ಪಿಕ್ಸೆಲ್ ಅಗಲದ ಫೋಟೋವನ್ನೇ ಕ್ವಾಲಿಟಿ ಜಾಸ್ತಿ ಮಾಡಿ ಸೇವ್ ಮಾಡಿದರು. ಫೈಲು 40 ಕೆಬಿ ಇದ್ದದ್ದು 80 ಕೆಬಿ ಆಯಿತು. ಗಾತ್ರ ಎರಡರಷ್ಟಾಯಿತು, ಅಲ್ವಾ? ಫೋನಿನಲ್ಲಿ ಮಾತ್ರ ಚಿತ್ರ ಮೊದಲಿನಷ್ಟೇ ಮಸುಕು. ಅವರು ನನ್ನ ವಾಕ್ಯವನ್ನು ಸರಿಯಾಗಿಯೇ ಓದಿದ್ದರು.

ಫೈಲಿನಲ್ಲಿರುವ ಪಿಕ್ಸೆಲ್, ಪುಟದಲ್ಲಿ ಚಿತ್ರ ಹಿಡಿಯುವ ಜಾಗ, ಡೌನ್‌ಲೋಡ್ ಆಗುವ ಕೆಬಿ, ಈ ಮೂರಕ್ಕೂ ನಾವು ಗಾತ್ರ ಅಂತಲೇ ಹೇಳುತ್ತೇವೆ. ಬೇರೆ ಬೇರೆ ಪದ ಬೇಕು. ನೀವೆಲ್ಲ ಏನು ಬಳಸುತ್ತೀರಿ?

ಮರು:

ನಾನು ಅಚ್ಚಿನ ಕೆಲಸದವನು. ಇದಕ್ಕೆ ಹೊಸ ಪದ ಯಾಕೆ? ಚಿತ್ರವನ್ನು 300 ಡಿಪಿಐ ಮಾಡಿ ಕೊಡಿ ಅಂದರೆ ಸಾಕು. ನಮ್ಮಲ್ಲಿ ಎಲ್ಲರಿಗೂ ಅದು ಅರ್ಥವಾಗುತ್ತದೆ.

ಮರು:

ಸರ್, ಕಾಗದದ ಮೇಲೆ ನಿಮ್ಮ ಮಾತು ಸರಿ, ಅಲ್ಲಿ ಇಂಚು ಇರುತ್ತದೆ. ವೆಬ್ ಪುಟದ `img` ವಿಷಯದಲ್ಲಿ ಹಾಗಲ್ಲ. 800 ಪಿಕ್ಸೆಲ್ ಅಗಲದ ಫೈಲಿನ ಮೇಲೆ 72 ಡಿಪಿಐ ಅಂತ ಬರೆದರೂ 300 ಅಂತ ಬರೆದರೂ ಪುಟದಲ್ಲಿ ಒಂದೇ ತರಹ ಕಾಣುತ್ತದೆ.

ಮೂಲ ಪ್ರಶ್ನೆಗೆ ಬರುತ್ತೇನೆ. ಫೈಲಿಗೆ ಅಗಲ, ಪುಟಕ್ಕೆ ಜಾಗ, ಕೆಬಿಗೆ ತೂಕ. ನಾನು ಕಲಿಸುವಾಗ ಹೀಗೇ ಹೇಳುವುದು. ಕೋಡಿನಲ್ಲೂ ಇವು ಬೇರೆ ಬೇರೆಯಾಗಿಯೇ ಇವೆ:

```
<img src="mara-800.jpg"
  srcset="mara-400.jpg 400w,
          mara-800.jpg 800w,
          mara-1600.jpg 1600w"
  sizes="(min-width: 900px) 400px, 100vw"
  alt="ಮರ">
```

`400w`, `800w` ಅನ್ನುವುದು ಫೈಲಿನ ಅಗಲ. `sizes` ಹೇಳುವುದು ಜಾಗವನ್ನು. ಅದನ್ನು ‘ಗಾತ್ರಗಳು’ ಅಂತ ಅನುವಾದಿಸಿದರೆ ಜನ ಅಲ್ಲಿ ಫೈಲಿನ ಅಳತೆ ಬರೆದುಬಿಡುತ್ತಾರೆ.

360 ಪಿಕ್ಸೆಲ್ ಅಗಲದ ಫೋನ್ ಪುಟ ತೆಗೆದುಕೊಳ್ಳಿ. `100vw` ಇರುವುದರಿಂದ ಜಾಗ 360. ಪರದೆ ಇಮ್ಮಡಿಯಾದರೆ ಬೇಕಾದ್ದು 720, ಹಾಗಾಗಿ ಬ್ರೌಸರ್ ಸಾಮಾನ್ಯವಾಗಿ 800ರ ಫೈಲು ತರುತ್ತದೆ. ಅದೇ ಪುಟ ದೊಡ್ಡ ಮಾನಿಟರಿನಲ್ಲಿದ್ದು ಪರದೆ ಮಾಮೂಲಿಯದಾದರೆ ಜಾಗ 400, ಚಿಕ್ಕ ಫೈಲೇ ಸಾಕು. ತೂಕ ಉಳಿಯುವುದು ಇಲ್ಲಿ.

`sizes` ಮರೆತರೆ ಬ್ರೌಸರ್ ಜಾಗವನ್ನು ಕಿಟಕಿಯ ಪೂರ್ತಿ ಅಗಲ ಅಂದುಕೊಳ್ಳುತ್ತದೆ. ಆಗ 1440 ಅಗಲದ ಇಮ್ಮಡಿ ಲ್ಯಾಪ್‌ಟಾಪಿನಲ್ಲಿ 2880 ಬೇಕು ಅಂತ ಲೆಕ್ಕ ಹಾಕಿ, 400ರ ಜಾಗಕ್ಕೆ 1600ರ ಫೈಲು ಇಳಿಸುತ್ತದೆ. ಚಿತ್ರವೇನೋ ಚೂಪಾಗಿ ಕಾಣುತ್ತದೆ, ಆದ್ದರಿಂದ ತಪ್ಪು ಯಾರ ಕಣ್ಣಿಗೂ ಬೀಳುವುದಿಲ್ಲ. ಪುಟ ಮಾತ್ರ ನಿಧಾನ.

ಮರು:

ಚೆನ್ನಾಗಿ ಹೇಳಿದಿರಿ ಮೇಡಂ. ಯಾವ ಫೈಲು ಬಂತು ಅಂತ ತಿಳಿಯಲು ಕನ್ಸೋಲಿನಲ್ಲಿ `naturalWidth` ನೋಡಿದರೆ ಆಯಿತು. ಅದನ್ನೇ ‘ಸಹಜ ಅಗಲ’ ಅಂತ ಕರೆಯೋಣ.

ಮರು:

ಅಲ್ಲೊಂದು ಗುಂಡಿ ಇದೆ. `w` ಬಳಸಿದ ಚಿತ್ರಕ್ಕೆ `naturalWidth` ಫೈಲಿನ ಅಗಲವನ್ನು ಸಾಂದ್ರತೆಯಿಂದ ಭಾಗಿಸಿದ ಲೆಕ್ಕ ಕೊಡುತ್ತದೆ. ಈ ಸಾಂದ್ರತೆ ಪರದೆಯದಲ್ಲ, ಫೈಲಿನ ಅಗಲವನ್ನು `sizes` ಹೇಳಿದ ಜಾಗದಿಂದ ಭಾಗಿಸಿದರೆ ಬರುವುದು. ಮೇಲಿನ ಫೋನಿನಲ್ಲಿ 800ರ ಫೈಲು ಬಂದಿದ್ದರೂ ಅದು 360 ಅನ್ನುತ್ತದೆ! ನಂಬಬೇಕಾದ್ದು ಇದನ್ನು: ಚಿತ್ರವನ್ನು ಇನ್‌ಸ್ಪೆಕ್ಟ್ ಮಾಡಿ, ಕನ್ಸೋಲಿನಲ್ಲಿ `$0.currentSrc` ಅಂತ ಬರೆಯಿರಿ. ಫೈಲಿನ ಹೆಸರೇ ಬರುತ್ತದೆ. ಹಾಗಾಗಿ ‘ಸಹಜ ಅಗಲ’ ಬೇಡ, ಅದು ಫೈಲಿನ ಅಗಲ ಅಂತ ಎಲ್ಲರೂ ತಿಳಿಯುತ್ತಾರೆ.

ಮರು:

ನನ್ನ ತಕರಾರು ‘ಇಮ್ಮಡಿ’ಯ ಮೇಲೆ. ಅಗಲ ಎರಡರಷ್ಟು, ಎತ್ತರವೂ ಎರಡರಷ್ಟು. ಅಂದರೆ ಪಿಕ್ಸೆಲ್ ನಾಲ್ಮಡಿ. ಸುಮ್ನೆ ಇಮ್ಮಡಿ ಅಂದರೆ ಓದುಗರು ಒಟ್ಟು ಪಿಕ್ಸೆಲ್ ಎರಡರಷ್ಟು ಅಂದುಕೊಳ್ಳುವುದಿಲ್ಲವೇ? ‘ದಟ್ಟ ಪರದೆ’ ಅನ್ನಿ, ಎಷ್ಟು ದಟ್ಟ ಅನ್ನುವುದನ್ನು ಅಂಕಿಯಲ್ಲಿ ಬರೆಯಿರಿ: 2x, 3x.

ಮರು:

ಎಲ್ಲರಿಗೂ ಧನ್ಯವಾದ. ‘ದಟ್ಟ ಪರದೆ’ ನನಗೆ ತುಂಬಾ ಹಿಡಿಸಿತು. ವಾಕ್ಯ ಈಗ ಹೀಗಿದೆ: “2x ದಟ್ಟ ಪರದೆಯಲ್ಲಿ 400 ಪಿಕ್ಸೆಲ್ ಜಾಗಕ್ಕೆ 800 ಪಿಕ್ಸೆಲ್ ಅಗಲದ ಫೈಲು ಕೊಡಿ. ಅದರ ತೂಕ ಆದಷ್ಟು ಕಡಿಮೆ ಇರಲಿ.”

ಆದರೆ ಇದರಲ್ಲೇ ಎರಡು ಬಗೆಯ ಪಿಕ್ಸೆಲ್ ಇವೆ. ಜಾಗದ 400 ಸಿಎಸ್‌ಎಸ್ ಲೆಕ್ಕದ್ದು, 800 ಫೈಲಿನದು. ಮೊದಲನೆಯದಕ್ಕೆ ‘ಪುಟದ ಪಿಕ್ಸೆಲ್’ ಅನ್ನಬಹುದೇ? ಮೇಡಂ, ನಿಮ್ಮ ತರಗತಿಯಲ್ಲಿ ಏನು ಹೇಳುತ್ತೀರಿ?

ಮರು:

‘ಪುಟದ ಪಿಕ್ಸೆಲ್’ ಅಂತ ಒಂದು ವರ್ಷ ಹೇಳಿ ನೋಡಿದೆ. ಅರ್ಧ ಜನಕ್ಕೆ ಹಿಡಿಸಿತು, ಉಳಿದವರು ‘ಪರದೆಯ ಪಿಕ್ಸೆಲ್’ ಜೊತೆ ಕಲಸಿಕೊಂಡರು. ಈಗ ಬರೀ `px` ಅಂತ ಬರೆದು ತೋರಿಸುತ್ತೇನೆ. ಒಳ್ಳೆ ಪದ ಯಾರಿಗಾದರೂ ಹೊಳೆದರೆ ನನಗೂ ಬೇಕು.