38,000 ರೂಪಾಯಿ ಹಾಸಿಗೆಯ ಒಳಗೆ ಏನಿದೆ?

ಹಾಸನದ ಸದಸ್ಯೆ: ಸರ್, 78×72×8 ಇಂಚಿನ ಮೆಮೊರಿ ಫೋಮ್ ಹಾಸಿಗೆಗೆ 38,000 ಹೇಳ್ತಿದ್ದಾರೆ. ಡೆನ್ಸಿಟಿ ಕೇಳಿದ್ರೆ "ಪ್ರೀಮಿಯಂ" ಅಂತಾರೆ. ಪೆಟ್ಟಿಗೆ ಮೇಲೆ ತೂಕ 24 ಕೆಜಿ, ವಾರಂಟಿ 10 ವರ್ಷ. ಕೊಡಬಹುದಾ?

ಹಾಸಿಗೆ ತಯಾರಕರು: ಆ 24 ಕೆಜಿಯೇ ಸಾಕು ಮೇಡಂ. ಕವರ್, ಪ್ಯಾಕಿಂಗ್‌ಗೆ 2 ಕೆಜಿ ಬಿಟ್ಟರೆ ಫೋಮ್ 22 ಕೆಜಿ. ಮೂರೂ ಅಳತೆ ಗುಣಿಸಿದರೆ 44,928 ಘನ ಇಂಚು. ಡೆನ್ಸಿಟಿ ಅಂದರೆ ಒಂದು ಘನ ಮೀಟರ್ ಫೋಮ್ ಎಷ್ಟು ಕೆಜಿ ತೂಗುತ್ತೆ ಅನ್ನೋದು, ಒಂದು ಘನ ಮೀಟರ್‌ಗೆ 61,024 ಘನ ಇಂಚು. 22 × 61,024 ÷ 44,928 ಮಾಡಿ, ಸರಾಸರಿ ಡೆನ್ಸಿಟಿ ಸುಮಾರು 30 ಬರುತ್ತೆ. ಈಗ ಪದರ ಬಿಡಿಸೋಣ. ಮೇಲೆ 1 ಇಂಚು ಮೆಮೊರಿ ಫೋಮ್ 50 ಡೆನ್ಸಿಟಿಯದೇ ಅಂದುಕೊಂಡರೂ ಅದಕ್ಕೆ 4.6 ಕೆಜಿ ಹೋಯ್ತು. ಉಳಿದ 17.4 ಕೆಜಿ ಕೆಳಗಿನ 7 ಇಂಚಿಗೆ ಹಂಚಿಹೋಗಿದೆ, ಅಂದರೆ ಬರೀ 27. ಇಬ್ಬರು ದಿನಾ ಮಲಗುವ ಹಾಸಿಗೆಗೆ ಕೆಳಪದರ 32ಕ್ಕಿಂತ ಕಮ್ಮಿ ಇದ್ದರೆ ಸೊಂಟ ಊರುವ ಜಾಗ ಬೇಗ ತಗ್ಗುತ್ತೆ. ಆ ಬೆಲೆ ಕೊಡಬೇಡಿ. ಪ್ರತಿ ಪದರದ ದಪ್ಪ, ಡೆನ್ಸಿಟಿ ಬಿಲ್ ಮೇಲೆ ಬರೆದುಕೊಡಿ ಅನ್ನಿ.

ತುಮಕೂರಿನ ಸದಸ್ಯ: ಸಿಂಪಲ್. ಭಾರ ಇದ್ದಷ್ಟೂ ಒಳ್ಳೇದು.

ಹುಬ್ಬಳ್ಳಿ ಸದಸ್ಯ: ಹಂಗಾದ್ರ ರೀಬಾಂಡೆಡ್ ಎಲ್ಲಕ್ಕಿಂತ ಒಳ್ಳೇದಾತಲ್ರಿ? ಚೂರು ಫೋಮ್ ಅಂಟಿಸಿ ಒತ್ತಿರೋದು, 80 ಡೆನ್ಸಿಟಿ ಇರ್ತದ.

ತುಮಕೂರಿನ ಸದಸ್ಯ: ನಾನು ಹೇಳಿದ್ದು ಹೊಸ ಫೋಮ್ ಬಗ್ಗೆ. ಪೂರ್ತಿ ಓದಿ ಮಾತಾಡಿ.

ಹುಬ್ಬಳ್ಳಿ ಸದಸ್ಯ: ನೀವು ಬರೆದಿದ್ದೇ ಎರಡು ಸಾಲು, ಪೂರ್ತಿ ಏನ್ ಓದೋದು?

ಹಾಸಿಗೆ ತಯಾರಕರು: ಹೊಸ ಫೋಮ್‌ನಲ್ಲೂ ಮೋಸ ಇದೆ. ಸುಣ್ಣದ ಕಲ್ಲಿನ ಪುಡಿ ಬೆರೆಸಿ ತೂಕ ಏರಿಸ್ತಾರೆ. ಜಿಪ್ ತೆಗೆದು ಅಂಚನ್ನು ಎರಡು ಬೆರಳಲ್ಲಿ ಬಲವಾಗಿ ಉಜ್ಜಿ. ಬಿಳಿ ಪುಡಿ ಉದುರಿದರೆ ತೂಕದ ಲೆಕ್ಕ ನಂಬಬೇಡಿ. ಜಿಪ್ ಇಲ್ಲದಿದ್ದರೆ ಸ್ಯಾಂಪಲ್ ತುಂಡು ಕೇಳಿ.

ಮೈಸೂರಿನ ಸದಸ್ಯೆ: ಅಪ್ಪನಿಗೆ ಬೆನ್ನು ನೋವು, ತೆಂಗಿನ ನಾರಿನ ಹಾಸಿಗೆ ಆಗುತ್ತಾ?

ಮಂಗಳೂರಿನ ಸದಸ್ಯ: ಯಾವ ಬ್ರಾಂಡ್ ಒಳ್ಳೆಯದು ಸರ್?

ಹಾಸಿಗೆ ತಯಾರಕರು: ಮೇಲೆ ಓದಿ.

ತುಮಕೂರಿನ ಸದಸ್ಯ: ಫಾರ್ವರ್ಡ್ ಬಂದಿದೆ: ಗುಂಡಿ ಬಿದ್ದ ಕಡೆ ನೀರು ಚಿಮುಕಿಸಿ ಎರಡು ದಿನ ಬಿಸಿಲಿಗಿಟ್ಟರೆ ಫೋಮ್ ಮತ್ತೆ ಉಬ್ಬುತ್ತಂತೆ.

ಹಾಸಿಗೆ ತಯಾರಕರು: ದಯವಿಟ್ಟು ಇಂಥದ್ದನ್ನು ಇಲ್ಲಿ ಹಾಕಬೇಡಿ. ಬಿಸಿಲಿಗೆ ಫೋಮ್ ಹಳದಿಯಾಗಿ ಪುಡಿಯಾಗುತ್ತೆ, ಒಳಗೆ ಉಳಿದ ತೇವಕ್ಕೆ ಬೂಷ್ಟು ಹಿಡಿಯುತ್ತೆ. ಕಲೆ ಕಂಡರೆ ಎಷ್ಟೋ ಕಂಪನಿಗಳು ವಾರಂಟಿಯನ್ನೇ ತಳ್ಳಿಹಾಕುತ್ತವೆ.

ಹಾಸನದ ಸದಸ್ಯೆ: 10 ವರ್ಷದ ವಾರಂಟಿಗೆ ಬೆಲೆಯೇ ಇಲ್ವಾ ಹಾಗಾದ್ರೆ?

ಹಾಸಿಗೆ ತಯಾರಕರು: ಕಾರ್ಡಿನಲ್ಲಿ ಎಷ್ಟು ತಗ್ಗಿದರೆ ದೋಷ ಅಂತ ಬರೆದಿದ್ದಾರೆ ನೋಡಿ. ಯಾರೂ ಮಲಗಿಲ್ಲದಾಗ ಅಡ್ಡಲಾಗಿ ನೇರ ಕೋಲಿಟ್ಟು, ನಡುವೆ ಸ್ಕೇಲ್ ಇಳಿಸಿ ಅಳೆಯೋದು. ಒಂದೂವರೆ ಇಂಚು ಅಂತಿದ್ದರೆ, ಒಂದು ಇಂಚು ಗುಂಡಿಯಲ್ಲಿ ವರ್ಷಗಟ್ಟಲೆ ಮಲಗಿದರೂ ನಿಮಗೆ ಏನೂ ಸಿಗಲ್ಲ. "ಪ್ರೊ-ರೇಟಾ" ಅಂತಿದ್ದರೆ ವರ್ಷ ಕಳೆದಂತೆ ಬದಲಿ ಹಾಸಿಗೆಗೆ ನೀವು ಕೊಡೋ ಪಾಲು ಏರುತ್ತೆ.

ಮಂಗಳೂರಿನ ಸದಸ್ಯ: ಬ್ರಾಂಡ್ ಹೆಸರು ಹೇಳೋಕೆ ಏನ್ ಕಷ್ಟ ಸರ್?

ಹಾಸಿಗೆ ತಯಾರಕರು: ಒಂದೇ ಬ್ರಾಂಡಿನಲ್ಲಿ 28ರದ್ದೂ ಇದೆ, 40ರದ್ದೂ ಇದೆ. ಮಾಡೆಲ್, ಅಳತೆ, ತೂಕ ಹಾಕಿ. ಬರೀ ಹೆಸರು ಕೇಳಿದರೆ ಇನ್ನು ಉತ್ತರಿಸಲ್ಲ.

ಮೈಸೂರಿನ ಸದಸ್ಯೆ: ನನ್ನ ಪ್ರಶ್ನೆ ಹಾಗೇ ಉಳೀತು…