ಪುಡಿ ಹುರಿಯುವ ಅಕ್ಕ ಕೆಲಸ ಬಿಡ್ತಿದ್ದಾರೆ, ರೆಸಿಪಿ ಮತ್ತು ನಂಬರ್‌ಗಳನ್ನ ಉಳಿಸ್ಕೊಳ್ಳೋದು ಹೇಗೆ?

ಕೇಳಿದವರು, ತುಮಕೂರು

ಸಾಂಬಾರ್ ಪುಡಿ, ಚಟ್ನಿಪುಡಿ ಮಾಡ್ತೀವಿ. ಹುರಿಯೋದು, ಮೆಣಸಿನಕಾಯಿ ತರಿಸೋದು, ವಾಟ್ಸಾಪ್ ಆರ್ಡರ್, ಎಲ್ಲಾ ಆರು ವರ್ಷದಿಂದ ಒಬ್ಬ ಅಕ್ಕನೇ ನೋಡ್ಕೋತಿದ್ರು. ಮುಂದಿನ ತಿಂಗಳು ಬಿಡ್ತಾರೆ. ಸ್ವಂತದ್ದು ಶುರು ಮಾಡ್ತಾರಂತೆ. ನಾವು ಏನೂ ಬರೆಸಿಕೊಂಡಿಲ್ಲ. ಅನುಭವ ಇರೋರು ಹೇಳಿ.

ಪುಳಿಯೋಗರೆ ಗೊಜ್ಜಿನವರು, ಮೈಸೂರು

ನಾನು ಬರೆಸಿಕೊಂಡಿದ್ದೆ, ಕೇಳಿ. ಕೆಲಸ ಬಿಟ್ಟರೆ 2 ವರ್ಷ ಮೈಸೂರಲ್ಲಿ ಗೊಜ್ಜಿನ ವ್ಯಾಪಾರ ಮಾಡೋ ಹಾಗಿಲ್ಲ ಅಂತ ಛಾಪಾ ಕಾಗದದ ಮೇಲೆ ಸಹಿ ಹಾಕಿಸಿದ್ದೆ. ಹುಡುಗ ಬಿಟ್ಟ 19ನೇ ದಿನಕ್ಕೆ ಎರಡು ಬೀದಿ ಆಚೆ ಒಲೆ ಹಚ್ಚಿದ. ವಕೀಲರ ನೋಟಿಸಿಗೆ 6,000 ಕೊಟ್ಟೆ. ಅವನ ಕಡೆಯಿಂದ ಒಂದೇ ಪುಟದ ಉತ್ತರ ಬಂತು: 1872ರ ಕರಾರು ಕಾಯ್ದೆಯ 27ನೇ ಕಲಂ ಪ್ರಕಾರ, ಕೆಲಸ ಬಿಟ್ಟ ಮೇಲೆ ದುಡಿಯೋದನ್ನ ತಡೆಯೋ ಕರಾರು ನಿಲ್ಲೋದಿಲ್ಲ. ಆದರೂ ಬಿಡದೆ ಕೋರ್ಟಿಗೆ ಹೋದೆ. ಇನ್ನೊಂದು 35,000 ಹೋಯ್ತು. ಬಾಗಿಲು ಹಾಕಿಕೊಂಡು ಅಲೆದಿದ್ದು 11 ದಿನ. ಕೊನೆಗೆ ನಾನೇ ಕೇಸು ವಾಪಸ್ ತಗೊಂಡೆ.

ಅದಕ್ಕಿಂತ ಹೊಟ್ಟೆ ಉರಿದಿದ್ದು ಪೌಚ್ ವಿಷಯದಲ್ಲಿ. ಪೌಚ್ ಅಚ್ಚು ಹಾಕೋಕೆ ಐದು ಬಣ್ಣಕ್ಕೆ ಐದು ಸಿಲಿಂಡರ್, 22,500 ರೂಪಾಯಿ, ನಾನು ಕೊಟ್ಟಿದ್ದು. ಸಿಲಿಂಡರ್ ಮಾತ್ರ ಪ್ರಿಂಟರ್ ಗೋದಾಮಿನಲ್ಲೇ ಇರ್ತಿತ್ತು, ಆರ್ಡರ್ ಕೊಡೋಕೆ ಹೋಗ್ತಿದ್ದವನು ಈ ಹುಡುಗ. ಹೆಸರು ಬರೋ ಬಣ್ಣದ ಸಿಲಿಂಡರ್ ಒಂದನ್ನ ಹೊಸದು ಮಾಡಿಸಿ, ಉಳಿದ ನಾಲ್ಕು ನಮ್ಮವನ್ನೇ ಹಾಕಿ ಅಚ್ಚು ತೆಗೆಸಿದ. ಅದೇ ಹಸಿರು ಅಂಚು, ಅದೇ ಬಾಳೆ ಎಲೆ. ಹತ್ತು ವರ್ಷದ ಗಿರಾಕಿಗಳು ನಮ್ಮದೇ ಅಂತ ಅವನದ್ದು ಕೊಂಡ್ರು. ಹುಳಿ ಜಾಸ್ತಿಯಾಗಿದೆ ಅಂತ ನನಗೆ ಫೋನ್ ಮಾಡಿ ಬೈದ್ರು. ಪ್ರಿಂಟರ್‌ಗೆ ಇವತ್ತೇ ಒಂದು ಪತ್ರ ಕೊಡಿ, ನನ್ನ ಸಹಿ ಇಲ್ಲದೆ ಸಿಲಿಂಡರ್ ಮುಟ್ಟಬಾರದು ಅಂತ. ಅವರ ಸೀಲ್ ಹಾಕಿಸಿಕೊಂಡು ಒಂದು ಪ್ರತಿ ಇಟ್ಕೊಳ್ಳಿ.

ಬೇಕರಿ ತಿಂಡಿಯವರು, ಹಾಸನ

ನಾವು ಮೊದಲೇ ಟ್ರೇಡ್‌ಮಾರ್ಕ್ ಮಾಡಿಸಿದ್ವಿ. ಸಣ್ಣ ಉದ್ಯಮಕ್ಕೆ ಆನ್‌ಲೈನ್‌ನಲ್ಲಿ 4,500 ಶುಲ್ಕ, ಅಷ್ಟೇ. ಈಗ ರೆಸಿಪಿ ನಮ್ಮದು, ಯಾರೂ ಮುಟ್ಟೋ ಹಾಗಿಲ್ಲ.

ಮಸಾಲೆಯವರು, ಬೆಂಗಳೂರು

ಹಾಸನದವರೇ, ಟ್ರೇಡ್‌ಮಾರ್ಕ್ ಕಾಯೋದು ಹೆಸರನ್ನ, ಗುರುತನ್ನ. ನಿಮ್ಮ ಖಾರಾಬೂಂದಿಯನ್ನ ಬೇರೆ ಹೆಸರಲ್ಲಿ ಯಾರು ಬೇಕಾದರೂ ಮಾಡಬಹುದು. ಏನೇನು ಹಾಕಿದೀರಿ ಅಂತ ತೂಕದ ಇಳಿಕೆ ಕ್ರಮದಲ್ಲಿ ಪೊಟ್ಟಣದ ಮೇಲೆ ನೀವೇ ಅಚ್ಚು ಹಾಕ್ತೀರಲ್ಲ. ಮೈಸೂರಿನವರಿಗೆ ಆ ಗುರುತೇ ಬೇಕಾಗಿದ್ದಿದ್ದು. ಹುಡುಗನ ಕೆಲಸದ ಮೇಲೆ ಹೋಗದೆ ಪೌಚ್ ನಕಲಿನ ಮೇಲೆ ಹೋಗಿದ್ರೆ ಕೇಸಿಗೆ ಜೀವ ಇರ್ತಿತ್ತು.

ಪುಳಿಯೋಗರೆ ಗೊಜ್ಜಿನವರು, ಮೈಸೂರು

ಈಗ ಹೇಳೋದು ಸುಲಭ ಸ್ವಾಮಿ. ಅವತ್ತು ನನಗೆ ಹೇಳೋರು ಯಾರೂ ಇರಲಿಲ್ಲ.

ಮಸಾಲೆಯವರು, ಬೆಂಗಳೂರು

ನೋಯಿಸೋಕೆ ಹೇಳಿದ್ದಲ್ಲ. ನಾನೂ ದುಡ್ಡು ಸುರಿದೇ ಕಲಿತದ್ದು. 'ವ್ಯಾಪಾರ ಮಾಡಬೇಡ' ಅನ್ನೋ ಸಾಲು ನಿಲ್ಲಲ್ಲ, 'ನಮ್ಮ ಪಟ್ಟಿ ಒಯ್ಯಬೇಡ, ಬಳಸಬೇಡ' ಅನ್ನೋ ಸಾಲು ನಿಲ್ಲುತ್ತೆ. ಗಿರಾಕಿಗಳ ಪಟ್ಟಿ ನಕಲು ಮಾಡಿದ್ದಕ್ಕೆ ದೆಹಲಿ ಹೈಕೋರ್ಟ್ 1995ರಲ್ಲೇ ಕೃತಿಸ್ವಾಮ್ಯದ ಮೇಲೆ ತಡೆ ಕೊಟ್ಟಿದೆ. ಆದರೆ ಪಟ್ಟಿ ಕಷ್ಟಪಟ್ಟು ನೀವು ಮಾಡಿದ್ದು, ಎಲ್ಲರ ಕೈಗೆ ಸಿಗೋ ಹಾಗೆ ಬಿಟ್ಟಿರಲಿಲ್ಲ, ಒಯ್ದದ್ದು ಅದನ್ನೇ ಅಂತ ತೋರಿಸಬೇಕು. ನನ್ನ 1,140 ಗಿರಾಕಿಗಳ ಪಟ್ಟಿಯಲ್ಲಿ ಮೂರು ನಂಬರ್ ನಮ್ಮ ಮನೆಯವರದ್ದೇ. ಬೇರೆ ಹೆಸರು ಹಾಕಿ ಸೇರಿಸಿದ್ದೆ. ನಮ್ಮ ಸೇಲ್ಸ್ ಹುಡುಗ ಬಿಟ್ಟ ಮೂರನೇ ವಾರ, ಪಟ್ಟಿಯಲ್ಲಿ ಬಿಟ್ಟರೆ ಎಲ್ಲೂ ಇಲ್ಲದ ಆ ಹೆಸರನ್ನೇ ಹಿಡಿದು ನನ್ನ ತಂಗಿ ಮೊಬೈಲಿಗೆ ಮೆಸೇಜ್ ಬಂತು: 'ನಮಸ್ಕಾರ ಮೇಡಂ, ಈಗ ನಮ್ಮದೇ ಹೊಸ ಮಸಾಲೆ'. ಅದರ ಸ್ಕ್ರೀನ್‌ಶಾಟ್ ಇಟ್ಟು ನೋಟಿಸ್ ಕೊಟ್ಟೆ. ಮೆಸೇಜ್ ನಿಂತವು. ಅಷ್ಟರಲ್ಲಿ 90 ಮನೆ ಕೈಬಿಟ್ಟಿದ್ದವು, ಅವು ವಾಪಸ್ ಬರಲಿಲ್ಲ. ಅವನ ತಲೆಯಲ್ಲಿದ್ದ ನಂಬರ್‌ಗಳಿಗೆ ನಾನು ಏನೂ ಮಾಡೋ ಹಾಗಿರಲಿಲ್ಲ.

ತುಮಕೂರಿನವರು ಮೊದಲು ವಾಟ್ಸಾಪ್ ನಂಬರಿನ ಸಿಮ್ ಯಾರ ಹೆಸರಲ್ಲಿದೆ ನೋಡಿ. ಅವರ ಹೆಸರಲ್ಲಿದ್ದರೆ, ಅವರು ಅದೇ ನಂಬರಿಗೆ ಡೂಪ್ಲಿಕೇಟ್ ಸಿಮ್ ತೆಗೆಸಿದ ದಿನವೇ ನಿಮ್ಮ ಆರ್ಡರ್‌ಗಳೆಲ್ಲ ಅವರ ಮನೆಗೆ. ನಿಮ್ಮದೇ ಆಗಿದ್ದರೆ `Linked devices` ತೆರೆದು ಅವರ ಫೋನು, ಕಂಪ್ಯೂಟರ್ ಎಲ್ಲಾ ತೆಗೀರಿ. ಎರಡನೇ ಹಂತದ ಪಿನ್ನನ್ನೂ ಬದಲಾಯಿಸಿ.

ಶೇಂಗಾ ಚಟ್ನಿ ಮಾಡಾವ್ರು, ಹುಬ್ಬಳ್ಳಿ

ನಮ್ಮಲ್ಲಿ ಕೋರ್ಟು ಗೀರ್ಟು ಏನೂ ಇಲ್ರಿ. ಒಬ್ಬರ ಕೈಯಾಗ ಪೂರ್ತಿ ರೆಸಿಪಿ ಕೊಡೂದs ಇಲ್ಲ. ಶೇಂಗಾ ಹುರಿಯಾವ್ರು ಬ್ಯಾರೆ, ಕುಟ್ಟಾವ್ರು ಬ್ಯಾರೆ. ಬಳ್ಳೊಳ್ಳಿ, ಜೀರಗಿ, ಹುಣಸಿ, ಬೆಲ್ಲ, ಉಪ್ಪು ನಮ್ಮ ಮನಿಯಾಕಿ ತಾನs ತೂಗಿ ಪಾಕೀಟ ಕಟ್ಟತಾಳ. ಹತ್ತು ಕಿಲೋ ಶೇಂಗಾಕ್ಕ ಒಂದು ಪಾಕೀಟ. ಅದರಾಗ ಏನೈತಿ ಅಂತ ಮಂದಿಗೆ ಗೊತ್ತಿಲ್ಲ. ಎಂಟು ವರ್ಷದಾಗ ನಾಕು ಮಂದಿ ಬಿಟ್ಟು ಹೋದ್ರು, ನಮ್ಮ ರುಚಿ ಯಾರೂ ಒಯ್ದಿಲ್ಲ.

ಇದರಾಗೂ ಪೆಟ್ಟು ತಿಂದೀವಿ, ಅದನ್ನೂ ಹೇಳತೀನಿ. ಹೋದ ವರ್ಷ ಆಕೀ ತಂದಿಗೆ ಆರಾಮಿಲ್ಲಂತ ತವರಿಗೆ ಹೋದ್ಲು. ಪಾಕೀಟ ಮುಗದ್ವು. ನಾನು ಅಂದಾಜಿಲೆ ಕಟ್ಟಿದೆ. 40 ಕಿಲೋ ಉಪ್ಪಾತು, ಅಂಗಡಿಯಾವ್ರು ಎಲ್ಲಾ ವಾಪಸ್ ಕಳಿಸಿದ್ರು. ಈಗ ತೂಕ ಬರದು, ಚೀಟಿ ಲಾಕರಿನ್ಯಾಗ ಇಟ್ಟೀವಿ.

ಚಟ್ನಿಪುಡಿಯವರು, ಶಿವಮೊಗ್ಗ

ಎಲ್ಲರೂ ಮಾಲೀಕರೇ ಮಾತಾಡ್ತಿದ್ದೀರಿ. ಬಿಟ್ಟು ಬಂದವಳು ನಾನು. ಏಳು ವರ್ಷ ಬೇರೆಯವರ ಬಾಣಲೆ ಮುಂದೆ ನಿಂತೆ. ಉದ್ದಿನಬೇಳೆ ಯಾವ ಕೆಂಪಿಗೆ ಬಂದಾಗ ಉರಿ ಆರಿಸಿದರೂ ಬಾಣಲೆಯ ಕಾವಿಗೇ ಇನ್ನೊಂದು ಸುತ್ತು ಕೆಂಪಾಗುತ್ತೆ ಅನ್ನೋದನ್ನ ನನಗೆ ಯಾರೂ ಬರೆದು ಕೊಡಲಿಲ್ಲ, ಕೈ ಸುಟ್ಟುಕೊಂಡು ಕಲಿತೆ. ಅದು ಅವರ ಆಸ್ತಿ ಹೇಗಾಗುತ್ತೆ? ಬಿಡ್ತೀನಿ ಅಂದ ದಿನ ಒಂದೂವರೆ ತಿಂಗಳ ಸಂಬಳ, 21,000, ಹಿಡಿದಿಟ್ಟರು. ಇವತ್ತಿಗೂ ಕೊಟ್ಟಿಲ್ಲ. ಗಿರಾಕಿಗಳಿಗೆ ನಾನು ಫೋನ್ ಮಾಡಲಿಲ್ಲ, ಅವರೇ ಹುಡುಕಿಕೊಂಡು ಬಂದರು.

ಪುಳಿಯೋಗರೆ ಗೊಜ್ಜಿನವರು, ಮೈಸೂರು

ನಮ್ಮ ಹುಡುಗನೂ ಇದನ್ನೇ ಹೇಳಿದ್ದ, ಅವರೇ ಬಂದರು ಅಂತ.

ಚಟ್ನಿಪುಡಿಯವರು, ಶಿವಮೊಗ್ಗ

ನಾನು ಯಾರ ಪೌಚೂ ಮುಟ್ಟಿಲ್ಲ. ನಿಮ್ಮ ಸಿಟ್ಟು ನನ್ನ ಮೇಲೆ ಹಾಕಬೇಡಿ.

ಮಸಾಲೆಯವರು, ಬೆಂಗಳೂರು

ಅಕ್ಕ ಹೇಳೋದರಲ್ಲಿ ನ್ಯಾಯ ಇದೆ. ಕೈಯ ಹದ ಅವರದ್ದು, ಸಂಬಳ ಹಿಡಿಯೋದು ತಪ್ಪು. ತುಮಕೂರಿನವರೂ ಲೆಕ್ಕ ಚುಕ್ತಾ ಮಾಡಿಯೇ ಕಾಗದ ಮುಂದಿಡಿ. ಆದರೆ ಮೆಣಸಿನಕಾಯಿ ದಲಾಲರ ನಂಬರ್ ಮಾತ್ರ ಯಾವ ಕೆಲಸದವರಿಗೂ ಕೊಡಬಾರದು.

ಶೇಂಗಾ ಚಟ್ನಿ ಮಾಡಾವ್ರು, ಹುಬ್ಬಳ್ಳಿ

ಬ್ಯಾಡಗಿ ಪ್ಯಾಟ್ಯಾಗ ದಲಾಲರು ಬೋರ್ಡ್ ಹಾಕ್ಕೊಂಡು ಕುಂತಾರ್ರಿ, ಅದ್ರಾಗ ಏನು ಗುಟ್ಟು? ಹೊಸಾ ಮಾಲು ಬಂದಾಗ ಹೇಳಿದ ದಿನಕ್ಕ ರೊಕ್ಕ ಕೊಟ್ಟವ್ರಿಗೆ ಛಲೋ ಲಾಟ್ ತಗದಿಡತಾರ. ಬಾಕಿ ಇಟ್ಟವ್ರಿಗೆ ಕೋಲ್ಡ್ ಸ್ಟೋರೇಜಿಂದು. ನಂಬರ್ ಒಯ್ದಾವ್ರು ರೊಕ್ಕ ಎಲ್ಲಿಂದ ಒಯ್ತಾರ?

ಮಸಾಲೆಯವರು, ಬೆಂಗಳೂರು

ಕೋಲ್ಡ್ ಸ್ಟೋರೇಜ್ ಮಾಲು ಅಂದ ಕೂಡಲೇ ಕೀಳಲ್ಲ. ಹೊರಗಿಟ್ಟರೆ ಮಳೆಗಾಲಕ್ಕೆ ಬಣ್ಣ ಹೋಗುತ್ತೆ, ವರ್ಷಪೂರ್ತಿ ಪುಡಿ ಮಾಡೋರು ಅದನ್ನೇ ನೆಚ್ಚಬೇಕು.

ಶೇಂಗಾ ಚಟ್ನಿ ಮಾಡಾವ್ರು, ಹುಬ್ಬಳ್ಳಿ

ಸಾಂಬಾರ ಪುಡಿಗೆ ನಡೀತೈತ್ರಿ. ಚಟ್ನಿಗೆ ವಾಸನಿ ಬೇಕು. ಹೊಸಾ ಡಬ್ಬಿ ಕಾಯಿ ಕೈಯಾಗ ಹಿಡದು ನೋಡ್ರಿ, ಆಮ್ಯಾಗ ಮಾತಾಡೂಣು.

ಕೇಳಿದವರು, ತುಮಕೂರು

ಸಿಮ್ ನೋಡಿದೆ, ಅಕ್ಕನ ಹೆಸರಲ್ಲೇ ಇದೆ. ಅವತ್ತು ನನ್ನ ಆಧಾರ್ ತಿದ್ದುಪಡಿಗೆ ಹೋಗಿತ್ತು, ಅವರದ್ದು ಕೊಟ್ಟು ತಗೊಂಡಿದ್ವಿ. ಸಂಬಳ, ಬೋನಸ್ ಲೆಕ್ಕ ಮಾಡಿ ಇವತ್ತು ಸಂಜೆ ಕೈಗಿಟ್ಟೆ. ಸಿಮ್ ನನ್ನ ಹೆಸರಿಗೆ ಬದಲಾಯಿಸೋಕೆ ನಾಳೆ ಜೊತೆಗೆ ಬರ್ತೀನಿ ಅಂದ್ರು. ಪಟ್ಟಿಯ ಬಗ್ಗೆ ಕಾಗದ ತೋರಿಸಿದಾಗ ಮಾತ್ರ ಮುಖ ಸಣ್ಣದಾಯ್ತು. ಮಗನಿಗೆ ತೋರಿಸಿ ಸಹಿ ಹಾಕ್ತೀನಿ ಅಂತ ಮಡಚಿ ಬ್ಯಾಗಿಗೆ ಹಾಕ್ಕೊಂಡು ಹೋಗಿದ್ದಾರೆ.